ಕೊನೆಯ ಗಿರಾಕಿ ಯಾರು?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ಗದಗ ಎಪಿಎಂಸಿಯಲ್ಲಿ ನಮ್ಮದು ದಲಾಲಿ ಅಂಗಡಿ, ಹೆಚ್ಚಾಗಿ ಹೆಸರು ಮತ್ತು ಶೇಂಗಾ. ಹತ್ತು ವರ್ಷದಿಂದ ಷೇರಿನಲ್ಲಿ ಸ್ವಲ್ಪ ಸ್ವಲ್ಪ ಹಾಕುತ್ತ ಬಂದಿದ್ದೇನೆ. ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ಮಗ ಅದನ್ನೆಲ್ಲ ಮಾರಿ ಬಿಟ್‌ಕಾಯಿನ್ ತಗೊಳ್ಳೋಣ ಅಂತಾನೆ. “ಅಪ್ಪಾ, ಶೇರೂ ಒಂದು ನಂಬಿಕಿ, ಬಿಟ್‌ಕಾಯಿನ್ನೂ ಒಂದು ನಂಬಿಕಿ. ನಿಮ್ಮ ಹೆಸರುಕಾಳು ಎಲ್ಲೆ ಡಿವಿಡೆಂಡ್ ಕೊಡತೈತಿ? ಆದ್ರೂ ಅದಕ್ಕ ರೇಟ್ ಐತೆಲ್ಲ?” ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಬಿಟ್‌ಕಾಯಿನ್ನಿನ ಖರೇ ಬೆಲೆ ಇಷ್ಟು ಅಂತ ಲೆಕ್ಕ ಹಾಕುವ ದಾರಿ ಇದೆಯೇ?
— ಒಬ್ಬ ಓದುಗರು, ಗದಗ

ಸಂಪಾದಕರ ಉತ್ತರ: ನಿಮ್ಮ ಮಗ ಹೆಸರುಕಾಳನ್ನು ನಡುವೆ ಎಳೆದು ತಂದದ್ದು ಒಳ್ಳೆಯದೇ ಆಯಿತು. ಅವನ ವಾದಕ್ಕೆ ಉತ್ತರ ನಿಮ್ಮ ಅಂಗಡಿಯ ಚೀಲದಲ್ಲೇ ಇದೆ.

ರೋಣದ ಕಡೆಯ ರೈತನೊಬ್ಬ ತಂದ ಹೆಸರಿನ ಚೀಲ ನಿಮ್ಮ ಅಂಗಡಿಯ ಮುಂದೆ ಇಳಿಯುತ್ತದೆ. ಟೆಂಡರ್ ಆಗುತ್ತದೆ, ಖರೀದಿದಾರ ಒಯ್ಯುತ್ತಾನೆ, ಅಲ್ಲಿಂದ ದಾಲ್ ಮಿಲ್, ಅಲ್ಲಿಂದ ಸಗಟು ವ್ಯಾಪಾರಿ, ಕಿರಾಣಿ ಅಂಗಡಿ. ಇಷ್ಟೂ ಜನ ಕೊಳ್ಳುವುದು ಮುಂದಿನವನಿಗೆ ಮಾರಲಿಕ್ಕೆ. ಇಲ್ಲಿಯವರೆಗೆ ನಿಮ್ಮ ಮಗನ ಮಾತು ಸರಿ: ಎಲ್ಲರೂ ಮುಂದಿನ ಗಿರಾಕಿಯ ಮೇಲೆ ನಂಬಿಕೆ ಇಟ್ಟೇ ದರ ಬರೆಯುತ್ತಾರೆ. ಆದರೆ ಸಾಲಿನ ತುದಿಯಲ್ಲಿ ಒಬ್ಬ ಗೃಹಿಣಿ ಇದ್ದಾಳೆ. ಆಕೆ ಅರ್ಧ ಕೆಜಿ ಹೆಸರುಬೇಳೆ ಕೊಂಡು ಒಲೆಯ ಮೇಲಿಡುತ್ತಾಳೆ. ನಾಳೆ ಹೆಸರಿನ ದರ ಏನಾಗುತ್ತದೆ ಎಂಬುದು ಆಕೆಗೆ ಬೇಕಿಲ್ಲ, ಆಕೆ ಅದನ್ನು ಯಾರಿಗೂ ಮಾರುವವಳಲ್ಲ. ಆಕೆ ಕೊಡಲು ಒಪ್ಪುವ ಹಣದಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದೇ ಮಿಲ್ಲಿನವನು ನಿಮ್ಮಲ್ಲಿ ದರ ಬರೆಯುತ್ತಾನೆ. ಹೆಸರು ವಿಪರೀತ ತುಟ್ಟಿಯಾದರೆ ಆಕೆ ತೊಗರಿಬೇಳೆಗೆ ಹೋಗುತ್ತಾಳೆ. ವಿಪರೀತ ಬಿದ್ದರೆ ಮುಂದಿನ ಮುಂಗಾರಿಗೆ ರೈತ ಹೆಸರು ಬಿಟ್ಟು ಗೋವಿನಜೋಳ ಬಿತ್ತುತ್ತಾನೆ, ಮಾಲು ಕಡಿಮೆಯಾಗುತ್ತದೆ. ದರ ಎಷ್ಟೇ ಕುಣಿದರೂ ಈ ಎರಡು ಗೂಟಗಳ ನಡುವೆಯೇ ಕುಣಿಯಬೇಕು.

ಹಾಗಾಗಿ ಯಾವ ಆಸ್ತಿಯ ಬಗ್ಗೆಯಾದರೂ ನಾನು ಕೇಳುವ ಮೊದಲ ಪ್ರಶ್ನೆ, “ಇದರ ಕೊನೆಯ ಗಿರಾಕಿ ಯಾರು? ಮತ್ತೆ ಮಾರುವ ಉದ್ದೇಶವಿಲ್ಲದೆ ಇದಕ್ಕೆ ಹಣ ಕೊಡುವವನು ಯಾರು?” ಎನ್ನುವುದು.

ಷೇರಿನ ವಿಷಯದಲ್ಲಿ ಆ ಗಿರಾಕಿ ಕಂಪನಿಯೇ. ಸಾಮಾನು ಮಾರಿ ಬಂದ ದುಡ್ಡಿನಲ್ಲಿ ಸಂಬಳ, ಬಡ್ಡಿ, ತೆರಿಗೆ ಎಲ್ಲ ಕಳೆದು ಉಳಿದದ್ದು ಷೇರುದಾರನದು. ಅದು ಲಾಭಾಂಶವಾಗಿ ಬರಬಹುದು, ಇಲ್ಲವೇ ಕಂಪನಿ ತನ್ನ ಷೇರನ್ನು ತಾನೇ ಮರಳಿ ಕೊಳ್ಳಬಹುದು. ಹುಬ್ಬಳ್ಳಿಯಲ್ಲೂ ಕ್ಯಾಂಪಸ್ ಇರುವ ಇನ್ಫೊಸಿಸ್ 2017ರಲ್ಲಿ 13,000 ಕೋಟಿ ರೂಪಾಯಿ ತೆಗೆದಿಟ್ಟು, ಒಂದಕ್ಕೆ 1,150 ರೂಪಾಯಿಯಂತೆ ತನ್ನ ಷೇರುಗಳನ್ನು ಕೊಂಡು ರದ್ದು ಮಾಡಿತು. ಆ ಹಣ ಇನ್ನೊಬ್ಬ ಷೇರು ವ್ಯಾಪಾರಿಯ ಕಿಸೆಯಿಂದ ಬಂದದ್ದಲ್ಲ, ಸಾಫ್ಟ್‌ವೇರ್ ಬರೆಸಿಕೊಂಡ ಗಿರಾಕಿಗಳಿಂದ ಬಂದದ್ದು. ಲಾಭಾಂಶವನ್ನೇ ಕೊಡದ ಕಂಪನಿಗಳೂ ಇವೆ ಎಂದು ನಿಮ್ಮ ಮಗ ಹೇಳಬಹುದು. ಹೌದು. ಅಲ್ಲಿ ಲಾಭ ಕಂಪನಿಯೊಳಗೇ ಉಳಿದು ಹೊಸ ಕಾರ್ಖಾನೆಯೋ ಹೊಸ ಶಾಖೆಯೋ ಆಗುತ್ತದೆ, ಅದರ ಮೇಲೂ ಹಕ್ಕು ಷೇರುದಾರನದೇ. ಹಣ ಬರುವುದು ತಡವಾಗುತ್ತದೆ, ಅಷ್ಟೇ.

ಇದನ್ನು ಒಂದು ಲೆಕ್ಕದಲ್ಲಿ ನೋಡೋಣ. ಒಂದು ಕಂಪನಿ ಬರುವ ವರ್ಷ ಷೇರಿಗೆ 12 ರೂಪಾಯಿ ಲಾಭಾಂಶ ಕೊಡುತ್ತದೆ, ಅದು ವರ್ಷಕ್ಕೆ ಶೇ 8ರಂತೆ ಬೆಳೆಯುತ್ತ ಹೋಗುತ್ತದೆ ಎಂದಿಟ್ಟುಕೊಳ್ಳಿ. ಇಷ್ಟು ಅಪಾಯ ಹೊರಲು ನಿಮಗೆ ವರ್ಷಕ್ಕೆ ಶೇ 13 ಆದರೂ ಗಿಟ್ಟಬೇಕು. 13ರಲ್ಲಿ 8 ಕಳೆದರೆ ಉಳಿಯುವುದು 5. ಯಾವ ಮೊತ್ತದ ಶೇ 5 ಎಂದರೆ 12 ರೂಪಾಯಿ? 240. ಆ ಷೇರಿಗೆ ನೀವು ಕೊಡಬಹುದಾದ ಬೆಲೆ ಅದು.

ಒಂದು ವರ್ಷ ಮಾತ್ರ ಇಟ್ಟುಕೊಂಡು ಮಾರುವವನಿಗೆ ಈ 240ರಲ್ಲಿ ಲಾಭಾಂಶದ ಪಾಲು 11 ರೂಪಾಯಿಯೂ ಇಲ್ಲ. ಉಳಿದದ್ದೆಲ್ಲ ಮುಂದಿನ ಗಿರಾಕಿ ಕೊಡುವ ಬೆಲೆಯ ಮೇಲೆ ನಿಂತಿದೆ. ಷೇರೂ ಒಂದು ನಂಬಿಕೆ ಎಂದು ನಿಮ್ಮ ಮಗನಿಗೆ ಅನ್ನಿಸಿದ್ದು ಇದಕ್ಕೇ ಇರಬೇಕು. ಆದರೆ 10 ವರ್ಷ ಇಟ್ಟರೆ ಇವತ್ತಿನ 240ರಲ್ಲಿ ಸುಮಾರು 87 ರೂಪಾಯಿ ಲಾಭಾಂಶದಿಂದಲೇ ಬಂದಿರುತ್ತದೆ, 153 ಮಾರಾಟದಿಂದ. 50 ವರ್ಷ ಇಟ್ಟರೆ ಲಾಭಾಂಶದ ಪಾಲು 215, ಮಾರಾಟದ ಪಾಲು ಬರೀ 25. ಕಾಲ ಚಾಚಿದಷ್ಟೂ ಮುಂದಿನ ಗಿರಾಕಿ ಚಿಕ್ಕವನಾಗುತ್ತ ಹೋಗುತ್ತಾನೆ. ನೀವೇ 50 ವರ್ಷ ಇಡಬೇಕೆಂದೇನೂ ಇಲ್ಲ. ಒಬ್ಬರಾದ ಮೇಲೆ ಒಬ್ಬರು ಇಟ್ಟರೂ ಲೆಕ್ಕ ಅದೇ.

ಈಗ ಅದೇ ಲೆಕ್ಕವನ್ನು ಬಿಟ್‌ಕಾಯಿನ್ನಿಗೆ ಹಚ್ಚಿ. ಒಂದು ವರ್ಷ ಇಟ್ಟರೆ ನೂರಕ್ಕೆ ನೂರು ಮಾರಾಟದಿಂದ. 10 ವರ್ಷ ಇಟ್ಟರೂ ನೂರಕ್ಕೆ ನೂರು, 50 ವರ್ಷ ಇಟ್ಟರೂ ಅಷ್ಟೇ. ಇವತ್ತಿನ ಬೆಲೆ ನಾಳಿನ ಬೆಲೆಯ ಮೇಲೆ, ನಾಳಿನದು ನಾಡದ್ದಿನದರ ಮೇಲೆ. ಶೇ 13 ಬೇಕು ಎನ್ನುವವನಿಗೆ ಇವತ್ತು 100 ರೂಪಾಯಿ, ಮುಂದಿನ ವರ್ಷ 113 ಎಂದರೆ ಲೆಕ್ಕ ಸರಿಹೋಯಿತು. ಇವತ್ತು 1,000, ಮುಂದಿನ ವರ್ಷ 1,130 ಎಂದರೂ ಸರಿಹೋಯಿತು. ಇವತ್ತು 10 ಎಂದರೂ ಸರಿಯೇ. ಯಾವ ಅಂಕಿ ಹಾಕಿದರೂ ಸಮೀಕರಣ ತಕರಾರು ಮಾಡುವುದಿಲ್ಲ. ನಗದು ಹರಿವಿಲ್ಲದ ಆಸ್ತಿಗೆ ಬೆಲೆ ಕಟ್ಟುವುದು ಕಷ್ಟ ಎನ್ನುವುದು ಇದಕ್ಕೇ. ಲೆಕ್ಕ ಜಟಿಲವಾಗಿದೆ ಎಂದಲ್ಲ, ಲೆಕ್ಕಕ್ಕೆ ಹಿಡಿಕೆಯೇ ಇಲ್ಲ.

ಬಿಟ್‌ಕಾಯಿನ್ನಿನಲ್ಲಿ ದುಡ್ಡು ಹರಿಯುವುದೇ ಇಲ್ಲವೇ ಎಂದರೆ, ಹರಿಯುತ್ತದೆ. ರವಾನೆಗಳನ್ನೆಲ್ಲ ಬರೆದಿಡುವ ಸಾರ್ವಜನಿಕ ಖಾತೆಪುಸ್ತಕವಾದ ಬ್ಲಾಕ್‌ಚೈನಿನಲ್ಲಿ ಈಚಿನ ಯಾವುದಾದರೂ ಒಂದು ಬ್ಲಾಕನ್ನು, ಎಂದರೆ ಒಂದು ಪುಟವನ್ನು, ತೆರೆದು ನೋಡಿ. ಫೋನಿನಲ್ಲೇ, ಯಾರು ಬೇಕಾದರೂ ನೋಡಬಹುದು. ಮೊದಲ ಸಾಲಿನಲ್ಲಿ ಆ ಬ್ಲಾಕ್ ಕಟ್ಟಿದವನಿಗೆ ಹೋದ ಹಣ ಇರುತ್ತದೆ: 3.125 ಹೊಸ ಬಿಟ್‌ಕಾಯಿನ್, ಜೊತೆಗೆ ಆ ಬ್ಲಾಕಿನಲ್ಲಿ ಹಣ ರವಾನಿಸಿದವರೆಲ್ಲ ಕೊಟ್ಟ ಶುಲ್ಕ. ಕೆಳಗೆ ರವಾನೆಗಳ ಪಟ್ಟಿ. ಆ ಶುಲ್ಕ ಖರೇ ಆದಾಯ, ಸೇವೆ ಪಡೆದವನು ಕೊಟ್ಟದ್ದು. ಆದರೆ ಅದು ಹೋಗುವುದು ಯಂತ್ರ ಹಚ್ಚಿ ಬ್ಲಾಕ್ ಕಟ್ಟುವ ಗಣಿಗಾರನಿಗೆ. ಬಿಟ್‌ಕಾಯಿನ್ ಇಟ್ಟುಕೊಂಡು ಕೂತವನಿಗೆ ಅದರಲ್ಲಿ ಬಿಡಿಗಾಸೂ ಬರುವುದಿಲ್ಲ. ಹಣ ರವಾನಿಸುವವನಿಗಾದರೂ ಅದನ್ನು ಇಟ್ಟುಕೊಳ್ಳುವ ದರ್ದಿಲ್ಲ. ಬೆಳಿಗ್ಗೆ ಕೊಂಡು, ಕಳಿಸಿ, ಆ ಕಡೆಯವನು ಮಧ್ಯಾಹ್ನದೊಳಗೆ ಮಾರಿದರೆ ಅವರ ಕೆಲಸ ಮುಗಿಯಿತು. ಹಾಗಾಗಿ “ಬಳಕೆ ಹೆಚ್ಚಿದರೆ ಬೆಲೆ ಹೆಚ್ಚುತ್ತದೆ” ಎನ್ನುವುದು ಕಿವಿಗೆ ಹಿತವಾದಷ್ಟು ಗಟ್ಟಿಯಾದ ಮಾತಲ್ಲ. ಒಂದೇ ನಾಣ್ಯ ದಿನಕ್ಕೆ ಹಲವು ಕೈ ದಾಟಿ ಹತ್ತು ಜನರ ಕೆಲಸ ಮಾಡಬಲ್ಲದು.

ಈ ಖಾಲಿ ಜಾಗ ತುಂಬಲು ಜನ ಬೇರೆ ಅಳತೆಗೋಲು ಹುಡುಕುತ್ತಾರೆ. ಹುಬ್ಬಳ್ಳಿಯಲ್ಲೂ ನಾನು ಪದೇ ಪದೇ ಕೇಳುವುದು ಗಣಿಗಾರಿಕೆಯ ಖರ್ಚಿನ ವಾದ. ಕಳೆದ ತಿಂಗಳು ಕೇಶ್ವಾಪುರದ ಒಬ್ಬ ಹುಡುಗ ನಮ್ಮ ಕಚೇರಿಗೆ ಬಂದು, “ಸರ್, ಒಂದು ಬಿಟ್‌ಕಾಯಿನ್ ತಯಾರಾಗಾಕ ಇಷ್ಟು ಕರೆಂಟ್ ಖರ್ಚಾಗತೈತಿ. ಅದಕ್ಕಿಂತ ಕೆಳಗ ರೇಟ್ ಬೀಳೂದ ಇಲ್ಲ” ಎಂದು ಫೋನಿನಲ್ಲಿ ಗ್ರಾಫು ತೋರಿಸಿದ. ಬೆಳೆ ತೆಗೆಯುವ ಖರ್ಚು ದರಕ್ಕೆ ಆಸರೆ ಎಂಬುದು ಹೆಸರಿಗೆ ಒಪ್ಪುತ್ತದೆ. ಬಿಟ್‌ಕಾಯಿನ್ನಿಗೆ ಒಪ್ಪುವುದಿಲ್ಲ, ಅದರ ಕಾರಣ ತಿಳಿದುಕೊಳ್ಳುವಂಥದ್ದು.

ಬಿಟ್‌ಕಾಯಿನ್ನಿನ ವ್ಯವಸ್ಥೆ ಸರಾಸರಿ 10 ನಿಮಿಷಕ್ಕೆ ಒಂದು ಬ್ಲಾಕ್ ಆಗುವಂತೆ ಕಟ್ಟಲ್ಪಟ್ಟಿದೆ. ದಿನಕ್ಕೆ 144 ಬ್ಲಾಕ್, ಬ್ಲಾಕಿಗೆ 3.125, ಹೀಗೆ ದಿನಕ್ಕೆ ಸುಮಾರು 450 ಹೊಸ ನಾಣ್ಯ. (2024ರ ಏಪ್ರಿಲ್‌ವರೆಗೆ ಇದರ ಎರಡು ಪಟ್ಟು ಇತ್ತು; ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗಿ ಒಟ್ಟು 2 ಕೋಟಿ 10 ಲಕ್ಷಕ್ಕೆ ನಿಲ್ಲುತ್ತದೆ.) ಯಂತ್ರಗಳು ಹೆಚ್ಚಾಗಿ ಬ್ಲಾಕ್‌ಗಳು ಬೇಗ ಬೇಗ ಆಗತೊಡಗಿದರೆ, 2,016 ಬ್ಲಾಕಿಗೊಮ್ಮೆ, ಎಂದರೆ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ, ಬ್ಲಾಕ್ ಕಟ್ಟಲು ಆ ಯಂತ್ರಗಳು ಬಿಡಿಸಬೇಕಾದ ಒಗಟನ್ನು ವ್ಯವಸ್ಥೆ ತಾನೇ ಕಠಿಣ ಮಾಡುತ್ತದೆ. ಯಂತ್ರಗಳು ಕಡಿಮೆಯಾದರೆ ಸುಲಭ ಮಾಡುತ್ತದೆ. ಈಗ ಬೆಲೆ ಬಿತ್ತು ಎನ್ನಿ. ತುಟ್ಟಿ ಕರೆಂಟಿನ ಗಣಿಗಾರರು ಯಂತ್ರ ಆರಿಸುತ್ತಾರೆ, ಒಗಟು ಸುಲಭವಾಗುತ್ತದೆ, ಉಳಿದವರಿಗೆ ಒಂದು ನಾಣ್ಯಕ್ಕೆ ಬೀಳುವ ಖರ್ಚು ಇಳಿಯುತ್ತದೆ. ಬೆಲೆಯ ಹಿಂದೆ ಖರ್ಚು ಹೋಗುತ್ತದೆ, ಖರ್ಚಿನ ಹಿಂದೆ ಬೆಲೆಯಲ್ಲ. 2021ರಲ್ಲಿ ಚೀನಾ ಗಣಿಗಾರಿಕೆಯನ್ನು ಹೊರಹಾಕಿದಾಗ ಇದು ಕಣ್ಣಿಗೆ ಕಾಣುವಂತೆ ನಡೆಯಿತು. ಜುಲೈ ಮೊದಲ ವಾರದಲ್ಲಿ ಒಗಟಿನ ಕಾಠಿಣ್ಯ ಒಮ್ಮೆಲೇ ಶೇ 28ರಷ್ಟು ಇಳಿಯಿತು, ಹೊಸ ನಾಣ್ಯಗಳು ಮತ್ತೆ ತಮ್ಮ ಹಳೆಯ ಲಯಕ್ಕೆ ಬಂದವು. ಇತ್ತ ಬೆಲೆ ಏರಿದರೂ ದಿನದ 450 ಹೆಚ್ಚಾಗುವುದಿಲ್ಲ. ಹೆಸರಿನ ರೈತನಂತೆ ದರ ನೋಡಿ ಹೆಚ್ಚು ಬಿತ್ತುವವರು, ಕಡಿಮೆ ಬಿತ್ತುವವರು ಇಲ್ಲಿಲ್ಲ. ಪೂರೈಕೆ ಸೀಮಿತ ಎಂಬುದನ್ನು ಬಿಟ್‌ಕಾಯಿನ್ನಿನವರು ಗುಣವೆಂದು ಹೇಳುತ್ತಾರೆ, ಗುಣವೇ ಇರಬಹುದು. ಆದರೆ ಅದರಿಂದಲೇ ದರಕ್ಕೆ ಒಂದು ಕಡೆಯ ಗೂಟ ಕಿತ್ತುಹೋಗಿದೆ. ಬೇಡಿಕೆ ತುಸು ಅಲುಗಿದರೂ ಪೂರ್ತಿ ಪೆಟ್ಟು ಬೆಲೆಯ ಮೇಲೇ.

ಇನ್ನೊಂದು ಅಳತೆಗೋಲು ಬಂಗಾರ, ಇದು ಹೆಚ್ಚು ಗಂಭೀರವಾದದ್ದು. ಬಂಗಾರವೂ ಬಡ್ಡಿ ಕೊಡುವುದಿಲ್ಲ, ನಿಜ. ಅದರ ಬೆಲೆ ಕಟ್ಟುವುದೂ ಕಷ್ಟವೇ. ಬಂಗಾರದ ಖರೇ ಬೆಲೆ ಇಷ್ಟು ಎಂದು ಹೇಳುವ ತಜ್ಞರನ್ನೂ ನಾನು ನಂಬುವುದಿಲ್ಲ. ಆದರೆ ಅದಕ್ಕೆ ಅರೆಬರೆಯಾದರೂ ಕೊನೆಯ ಗಿರಾಕಿ ಇದ್ದಾನೆ. ಮಗಳ ಮದುವೆಗೆ ಪಾಟಲಿ ಮಾಡಿಸುವವನು ಅದನ್ನು ಮಾರುವ ಲೆಕ್ಕ ಹಾಕಿ ಕೊಳ್ಳುವುದಿಲ್ಲ. ಬಿಟ್‌ಕಾಯಿನ್ನಿನವರ ವಾದ, ಬಂಗಾರದ ಒಂದಂಶ ಕೆಲಸವನ್ನು ಮುಂದೆ ಬಿಟ್‌ಕಾಯಿನ್ ಮಾಡುತ್ತದೆ ಎಂಬುದು. ಒಪ್ಪಿಕೊಂಡೇ ಲೆಕ್ಕ ಹಾಕೋಣ.

ಜಗತ್ತಿನ ಬಂಗಾರವೆಲ್ಲ ಸೇರಿ 20 ಲಕ್ಷ ಕೋಟಿ ಡಾಲರ್ ಎಂದು ಹಿಡಿಯಿರಿ, ಲೆಕ್ಕಕ್ಕೆ ಒಂದು ದುಂಡನೆಯ ಅಂಕಿ. 15 ವರ್ಷದ ನಂತರ ಬಿಟ್‌ಕಾಯಿನ್ ಅದರ ಶೇ 10ರಷ್ಟು ಬೆಲೆಬಾಳುತ್ತದೆ ಎಂದರೆ 2 ಲಕ್ಷ ಕೋಟಿ. ಅದನ್ನು 2 ಕೋಟಿ 10 ಲಕ್ಷ ನಾಣ್ಯಕ್ಕೆ ಹಂಚಿದರೆ ಒಂದಕ್ಕೆ ಸುಮಾರು 95,000 ಡಾಲರ್. ಅದು 15 ವರ್ಷದ ನಂತರದ ಮಾತು. ವರ್ಷಕ್ಕೆ ಶೇ 15 ಗಿಟ್ಟಬೇಕು ಎನ್ನುವವನು ಇವತ್ತು ಅದಕ್ಕೆ ಕೊಡಬಹುದಾದದ್ದು 11,700 ಡಾಲರ್ ಮಾತ್ರ. ಶೇ 10 ಅಲ್ಲ, ಶೇ 25ರಷ್ಟು ಜಾಗ ಹಿಡಿಯುತ್ತದೆ, ನನಗೆ ವರ್ಷಕ್ಕೆ ಶೇ 10 ಸಾಕು ಎನ್ನುವವನ ಲೆಕ್ಕದಲ್ಲಿ ಇವತ್ತಿನ ಬೆಲೆ 57,000. ಇಲ್ಲಪ್ಪ, ಶೇ 2 ಹಿಡಿದರೆ ದೊಡ್ಡದು, ಇಂಥ ಅಪಾಯಕ್ಕೆ ಶೇ 20 ಬೇಕು ಎನ್ನುವವನಿಗೆ 1,200 ಚಿಲ್ಲರೆ. ಮೂವರೂ ಗುಣಾಕಾರ ಭಾಗಾಕಾರ ಸರಿಯಾಗಿಯೇ ಮಾಡಿದ್ದಾರೆ. ಒಬ್ಬನ ಉತ್ತರಕ್ಕೂ ಇನ್ನೊಬ್ಬನ ಉತ್ತರಕ್ಕೂ ನಲವತ್ತೈದು ಪಟ್ಟಿಗಿಂತ ಹೆಚ್ಚು ಅಂತರ.

ಷೇರಿನ ಲೆಕ್ಕದಲ್ಲೂ ಅಂದಾಜು ತಪ್ಪುವುದಿಲ್ಲವೇ? ತಪ್ಪುತ್ತದೆ, ಜೋರಾಗಿಯೇ ತಪ್ಪುತ್ತದೆ. ಮೇಲಿನ ಕಂಪನಿಯ ಬೆಳವಣಿಗೆ ಶೇ 8ರ ಬದಲು 5 ಎಂದು ಹಾಕಿದರೆ 240 ಹೋಗಿ 150 ಆಗುತ್ತದೆ, 10 ಎಂದರೆ 400. ಅಂತರ ಕಡಿಮೆಯೇನಲ್ಲ. ಆದರೆ ಷೇರಿಗೆ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಇದೆ. ಕಂಪನಿಯ ಫಲಿತಾಂಶ ಬರುತ್ತದೆ, ವರ್ಷಕ್ಕೊಮ್ಮೆ ವಾರ್ಷಿಕ ವರದಿಯಲ್ಲಿ ನಗದು ಹರಿವಿನ ಪಟ್ಟಿ ಬರುತ್ತದೆ. ಶೇ 10 ಎಂದವನಿಗೆ ಎರಡು ವರ್ಷದಲ್ಲಿ ಶೇ 5 ಕಂಡರೆ, ಷೇರಿನ ದರ ಮೇಲೇ ಇದ್ದರೂ ತನ್ನ ಲೆಕ್ಕ ಸೋತಿತೆಂದು ಅವನಿಗೆ ಗೊತ್ತಾಗುತ್ತದೆ. ಬಿಟ್‌ಕಾಯಿನ್ನಿನ ಮೂವರಿಗೆ ಅಂಥ ಪರೀಕ್ಷೆ ಯಾವುದೂ ಇಲ್ಲ. 57,000 ಎಂದವನನ್ನು ತಪ್ಪೆಂದು ತೋರಿಸಲು, 1,200 ಎಂದವನನ್ನು ಸರಿಯೆಂದು ತೋರಿಸಲು ಬೆಲೆಯೊಂದನ್ನು ಬಿಟ್ಟು ಬೇರೆ ಸಾಕ್ಷಿಯಿಲ್ಲ. ಏರಿದಾಗ ಏರಿದ್ದೇ ಪುರಾವೆ, ಇಳಿದಾಗ ಇಳಿದದ್ದೇ ಪುರಾವೆ.

ಇದರ ಪರಿಣಾಮ ಬೆಲೆ ಬೀಳುವಾಗ ಗೊತ್ತಾಗುತ್ತದೆ. 240ರ ಷೇರು ಗಾಬರಿಯಲ್ಲಿ 120ಕ್ಕೆ ಬಿತ್ತು, ಕಂಪನಿಯ ವ್ಯವಹಾರ ಮಾತ್ರ ಮೊದಲಿನಂತೆಯೇ ಇದೆ ಎನ್ನಿ. 12 ರೂಪಾಯಿ ಲಾಭಾಂಶ ಈಗ ಹಾಕಿದ ಹಣದ ಶೇ 10. ಮುಂದೆ ಯಾರೂ ಕೊಳ್ಳದಿದ್ದರೂ ಪರವಾಗಿಲ್ಲ, ಲಾಭಾಂಶ ಉಣ್ಣುತ್ತ ಕೂರುತ್ತೇನೆ ಎನ್ನುವ ಗಿರಾಕಿ ಅಲ್ಲಿ ಹುಟ್ಟುತ್ತಾನೆ. ಬಿಟ್‌ಕಾಯಿನ್ 2021ರ ನವೆಂಬರಿನಲ್ಲಿ 69,000 ಡಾಲರಿನ ಹತ್ತಿರ ಹೋಗಿ, ಒಂದು ವರ್ಷದಲ್ಲಿ 16,000ಕ್ಕಿಂತ ಕೆಳಗೆ ಬಂತು. ಅಲ್ಲಿ ಬೆಲೆ ಬಿದ್ದದ್ದರಿಂದ ಆದಾಯದ ಪ್ರಮಾಣ ಹೆಚ್ಚಲಿಲ್ಲ, ಸೊನ್ನೆಯನ್ನು ಯಾವುದರಿಂದ ಭಾಗಿಸಿದರೂ ಸೊನ್ನೆಯೇ. 16,000 ಅಗ್ಗವೇ, ಇನ್ನೂ ತುಟ್ಟಿಯೇ ಎಂದು ಆ ದಿನ ಹೇಳಲು ಯಾವ ಆಧಾರವೂ ಇರಲಿಲ್ಲ. ಮುಂದೆ 2024ರ ಡಿಸೆಂಬರಿನಲ್ಲಿ ಅದು ಒಂದು ಲಕ್ಷ ಡಾಲರ್ ದಾಟಿತು. 16,000ಕ್ಕೆ ಕೊಂಡವರು ಗೆದ್ದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ 2022ರ ಮೇ ತಿಂಗಳಲ್ಲಿ ಲೂನಾ ಎಂಬ ಕಾಯಿನ್ ಬೀಳುತ್ತಿದ್ದಾಗಲೂ ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರಿದ್ದರು. ತಿಂಗಳ ಆರಂಭದಲ್ಲಿ 80 ಡಾಲರ್ ಆಸುಪಾಸು ಇದ್ದದ್ದು ಎರಡು ವಾರದೊಳಗೆ ಪೈಸೆಗೂ ಬೇಡವಾಯಿತು. ಬೀಳುವಾಗ ಎರಡರ ಗ್ರಾಫೂ ಒಂದೇ ಥರ ಕಾಣುತ್ತಿತ್ತು.

ಎಲ್ಲ ಕ್ರಿಪ್ಟೊ ಒಂದೇ ಅಲ್ಲ, ಎಥೀರಿಯಂ ಎಂಬ ಇನ್ನೊಂದು ಜಾಲದ ನಾಣ್ಯವಾದ ಈಥರ್‌ಗೆ ಆದಾಯ ಇದೆ ಎಂದು ನಿಮ್ಮ ಮಗ ಹೇಳಿದರೆ ಅದರಲ್ಲಿ ಅರ್ಧ ಹುರುಳಿದೆ. 2022ರ ಸೆಪ್ಟೆಂಬರಿನಿಂದ ಎಥೀರಿಯಂನಲ್ಲಿ ಗಣಿಗಾರಿಕೆ ನಿಂತು, ಬ್ಲಾಕ್ ಕಟ್ಟುವ ಕೆಲಸಕ್ಕೆ ಈಥರ್ ಅಡವಿಟ್ಟವರಿಗೆ ಪ್ರತಿಫಲ ಸಿಗುತ್ತಿದೆ. ಅದನ್ನು ಎರಡು ಭಾಗ ಮಾಡಿ ನೋಡಬೇಕು. ಹೊಸದಾಗಿ ಸೃಷ್ಟಿಯಾದ ಈಥರ್ ಕೊಡುವುದು ಬೋನಸ್ ಷೇರು ಹಂಚಿದಂತೆ: ಕೈಯಲ್ಲಿ ಸಂಖ್ಯೆ ಹೆಚ್ಚುತ್ತದೆ, ಒಟ್ಟು ಆಸ್ತಿ ಹೆಚ್ಚುವುದಿಲ್ಲ, ಅಡವಿಡದವನ ಪಾಲು ಮಾತ್ರ ತೆಳುವಾಗುತ್ತದೆ. ಬಳಕೆದಾರರು ಕೊಡುವ ಶುಲ್ಕ ಮಾತ್ರ ಖರೇ ಆದಾಯ. ಅದರ ಒಂದು ಭಾಗವನ್ನು 2021ರ ಆಗಸ್ಟಿನಿಂದ ಸುಟ್ಟುಹಾಕಲಾಗುತ್ತಿದೆ, ಕಂಪನಿ ಷೇರು ಮರಳಿ ಕೊಂಡು ರದ್ದು ಮಾಡಿದ ಹಾಗೆ. ಇಲ್ಲಿ ಲೆಕ್ಕಕ್ಕೊಂದು ತುದಿ ಸಿಕ್ಕಿತು. ಆದರೆ ಆ ಶುಲ್ಕವನ್ನು ಕೊಡುವವರಲ್ಲಿ ಬಹಳಷ್ಟು ಜನ ಕಾಯಿನ್ ವ್ಯಾಪಾರ ಮಾಡುವವರೇ. ವ್ಯಾಪಾರದ ಭರಾಟೆ ಇಳಿದರೆ ಶುಲ್ಕವೂ ಇಳಿಯುತ್ತದೆ. ಯಾರಾದರೂ “ನಮ್ಮ ಕಾಯಿನ್ ತಿಂಗಳಿಗೆ ಇಷ್ಟು ಕೊಡುತ್ತದೆ” ಎಂದರೆ, ಯಾವ ಗಿರಾಕಿ ಯಾವ ಸೇವೆಗೆ ಕೊಟ್ಟ ಹಣ ಅದು ಎಂದು ಕೇಳಿ. ಉತ್ತರ ಬರದಿದ್ದರೆ ಅದು ನಿಮ್ಮ ನಂತರ ಸೇರಿದವನ ಹಣ.

ಬಿಟ್‌ಕಾಯಿನ್ನಿನ ಬೆಲೆ ಸೊನ್ನೆ ಎಂದು ನಾನು ಹೇಳುತ್ತಿಲ್ಲ. ತನ್ನ ಸರ್ಕಾರವನ್ನೂ ಬ್ಯಾಂಕನ್ನೂ ನಂಬಲಾಗದ ದೇಶದವನಿಗೆ ಅದು ಉಪಯೋಗದ ವಸ್ತು, ಅವನು ಅದಕ್ಕೆ ಏನಾದರೂ ಕೊಟ್ಟೇ ಕೊಡುತ್ತಾನೆ. ಆ ‘ಏನಾದರೂ’ ಎಷ್ಟು ಎಂಬುದಕ್ಕೆ ಲೆಕ್ಕದ ದಾರಿ ಇಲ್ಲ. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಹಾಗಾಗಿ ಹತ್ತು ವರ್ಷದ ಷೇರುಗಳನ್ನು ಮಾರಿ ಇದಕ್ಕೆ ಹೋಗುವುದು ಬೇಡ ಎನ್ನುತ್ತೇನೆ. ಮಗನಿಗೆ ಹಟವಿದ್ದರೆ ಅವನ ಸಂಬಳದಲ್ಲಿ, ಪೂರ್ತಿ ಹೋದರೂ ಮನೆಯ ಲೆಕ್ಕ ಅಲುಗದಷ್ಟು ಹಾಕಲಿ. ಅದಕ್ಕೂ ಮೊದಲು ತೆರಿಗೆಯ ನಿಯಮ ತಿಳಿದಿರಲಿ. ವರ್ಷ ದಾಟಿದ ಷೇರಿನ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಅದರ ಮೇಲೆ ಶೇ 12.5. ಕ್ರಿಪ್ಟೊ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇ 30, ಮೇಲೆ ಸೆಸ್. ಅದಕ್ಕಿಂತ ಕಠಿಣವಾದದ್ದು ನಷ್ಟದ ನಿಯಮ. ಒಂದು ಕಾಯಿನ್ನಿನಲ್ಲಿ 1 ಲಕ್ಷ ಲಾಭ, ಅದೇ ವರ್ಷ ಇನ್ನೊಂದರಲ್ಲಿ 1 ಲಕ್ಷ ನಷ್ಟವಾದರೆ ಕೈಗೆ ಬಂದದ್ದು ಸೊನ್ನೆ, ಆದರೂ 31,200 ರೂಪಾಯಿ ತೆರಿಗೆ ಕಟ್ಟಬೇಕು. ಆ ನಷ್ಟವನ್ನು ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ, ಷೇರಿನ ಲಾಭದ ಜೊತೆಗೂ ಹೊಂದಿಸುವಂತಿಲ್ಲ. ಮಾರುವಾಗ ಶೇ 1ರಷ್ಟು ಟಿಡಿಎಸ್ ಕೂಡ ಮುರಿದುಕೊಳ್ಳುತ್ತಾರೆ. ಅದು ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಸಿಗುತ್ತದೆ, ಆದ್ದರಿಂದ ಪ್ರತಿ ಖರೀದಿ ಮತ್ತು ಮಾರಾಟದ ದಿನಾಂಕ, ದರ ಬರೆದಿಟ್ಟುಕೊಳ್ಳಲು ಮಗನಿಗೆ ಹೇಳಿ.